ಐದಕ್ಕೆ ಮೂರು ಅಂಕ ಪಡೆದ ಟೀಚರ್

ಪ್ರಶ್ನೆ: ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕ ಓದಿ ರೆಕಾರ್ಡ್ ಮಾಡಿಕೊಡುವ, ಪರೀಕ್ಷೆಯಲ್ಲಿ ಲಿಪಿಕಾರರಾಗಿ ಕೂರುವ ಸಣ್ಣ ಬಳಗ ನಮ್ಮದು. 38 ಜನ ಇದ್ದೇವೆ. ಯಾರಿಗೂ ಸಂಬಳವಿಲ್ಲ, ಬಸ್ ಚಾರ್ಜು ಕೂಡ ಅವರವರದೇ. ಕಳೆದ ವರ್ಷ ಸಮಿತಿಗೆ ಬಂದ ಹಿರಿಯರೊಬ್ಬರ ಸಲಹೆಯಂತೆ ಹಾಜರಿ, ಸಮಯಪಾಲನೆ, ಗುಣಮಟ್ಟ, ಸಹಕಾರ ಎಂದು ನಾಲ್ಕು ಕಾಲಂ ಮಾಡಿ, ಎಲ್ಲರಿಗೂ ಐದಕ್ಕೆ ಇಷ್ಟು ಎಂದು ಅಂಕ ಕೊಟ್ಟು ವಾರ್ಷಿಕ ಸಭೆಯಲ್ಲಿ ಓದಿದೆವು. ಒಂಬತ್ತು ವರ್ಷದಿಂದ ಹಾಸ್ಟೆಲಿಗೆ ಬಂದು ಓದಿ ಹೇಳುತ್ತಿದ್ದ ನಿವೃತ್ತ ಟೀಚರಿಗೆ, ಆಗಾಗ ತಡವಾಗಿ ಬರುತ್ತಾರೆಂದು, ಸರಾಸರಿ 3 ಬಂತು. ಆಮೇಲೆ ಅವರು ಈ ಕಡೆ ತಲೆ ಹಾಕಿಲ್ಲ. ಎಲ್ಲದರಲ್ಲೂ 5 ಪಡೆದ ಪಿಯುಸಿ ಹುಡುಗನ ಬಗ್ಗೆ ಬಿ.ಎ. ವಿದ್ಯಾರ್ಥಿನಿಯೊಬ್ಬಳು ಮೊನ್ನೆ, ‘ಅವನು ನಾನು ಹೇಳಿದ್ದನ್ನು ಬರೆಯಲ್ಲ, ಸರಿ ಮಾಡಿ ಬರೀತಾನೆ’ ಎಂದಳು. ನಾವು ಎಲ್ಲಿ ಎಡವಿದೆವು ಮೇಡಂ?
— ಕಾರ್ಯದರ್ಶಿ, ಶಿವಮೊಗ್ಗ

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲುಗಳಲ್ಲೇ ಉತ್ತರದ ಮುಕ್ಕಾಲು ಪಾಲು ಇದೆ. ಸಮಿತಿಗೆ ಕೂತಲ್ಲಿಂದಲೇ ಎಣಿಸಲು ಸಿಕ್ಕಿದ್ದು ಹಾಜರಿ ಮತ್ತು ಗಡಿಯಾರ. ಎಣಿಸಲು ಸಿಕ್ಕಿದ್ದಕ್ಕೆ ಅಂಕ ಬಿತ್ತು.

ತಡವಾಗುವುದನ್ನೇ ನೋಡಿ. ಟೀಚರ್ ಹಾಸ್ಟೆಲಿಗೆ ಇಪ್ಪತ್ತು ನಿಮಿಷ ತಡವಾಗಿ ಬಂದರೆ ಆ ದಿನ ಎರಡು ಪುಟ ಕಡಿಮೆ ಓದಿದಂತಾಯಿತು, ಅಷ್ಟೆ. ಪರೀಕ್ಷೆಗೆ ಕೂರುವ ಲಿಪಿಕಾರ ಇಪ್ಪತ್ತು ನಿಮಿಷ ತಡ ಮಾಡಿದರೆ ಒಂದು ವರ್ಷವೇ ಹೋಗಬಹುದು. ನಿಮ್ಮ ಪಟ್ಟಿಯಲ್ಲಿ ಎರಡೂ ಒಂದೇ ಕಾಲಂ. ಟೀಚರನ್ನು ಯಾರಾದರೂ ‘ಯಾಕೆ ತಡವಾಗುತ್ತೆ?’ ಎಂದು ಕೇಳಿದ್ದಿರಾ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಬಸ್ಸಿನ ಸಮಯ ಬದಲಾಗಿರಬಹುದು, ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿರಬಹುದು. ನಾಲ್ಕು ಗಂಟೆಯ ಓದನ್ನು ನಾಲ್ಕೂವರೆಗೆ ಇಟ್ಟರೆ ಮುಗಿಯುವ ತಾಪತ್ರಯ ತುಂಬಿದ ಸಭೆಯಲ್ಲಿ ಅಂಕವಾಗಿ ಹೊರಬಿತ್ತು.

ಹುಡುಗನ ವಿಷಯ ಇದಕ್ಕಿಂತ ಗಂಭೀರ. ಲಿಪಿಕಾರನ ಕೆಲಸ ಕೇಳಿದ್ದನ್ನು ಕೇಳಿದಂತೆ ಬರೆಯುವುದು. ತಪ್ಪಿದ್ದರೆ ತಪ್ಪನ್ನೇ ಬರೆಯಬೇಕು. ವಿದ್ಯಾರ್ಥಿ ತಾನೇ ಕರೆತರುವ ಲಿಪಿಕಾರನ ಓದು ಅಭ್ಯರ್ಥಿಗಿಂತ ಒಂದು ಹಂತ ಕೆಳಗಿರಬೇಕೆಂದು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಹೇಳಿದ್ದು ಅವನು ಉತ್ತರ ತಿದ್ದಿಯಾನೆಂಬ ಭಯಕ್ಕೇ. ‘ಸಹಾಯ’ ಮಾಡುವವನು ಸಿಕ್ಕಿಬಿದ್ದರೆ ನಕಲಿನ ಆರೋಪ ಬರುವುದು ಅವನ ಮೇಲಷ್ಟೇ ಅಲ್ಲ, ಆ ಹುಡುಗಿಯ ಮೇಲೂ. ಅವನಿಗೆ ದುರುದ್ದೇಶವಿಲ್ಲ ಎಂಬುದು ನನಗೂ ಗೊತ್ತು. ಆದರೂ ಮುಂದಿನ ಪರೀಕ್ಷೆಗೆ ಅವನನ್ನು ಸದ್ಯಕ್ಕೆ ಕಳಿಸಬೇಡಿ.

ಅವನಿಗೂ ಅಂಕ ಬೇಡ, ಒಂದು ಸಣ್ಣ ಪರೀಕ್ಷೆ ಸಾಕು. ಹತ್ತು ನಿಮಿಷ ಉಕ್ತಲೇಖನ ಕೊಡಿ, ನಡುವೆ ಬೇಕೆಂದೇ ‘ವಿಜಯನಗರದ ರಾಜಧಾನಿ ಬಾದಾಮಿ’ ಎನ್ನಿ. ಅವನು ಹಂಪಿ ಎಂದು ಬರೆದರೆ ಇನ್ನೂ ತಯಾರಾಗಿಲ್ಲ. ಬಾದಾಮಿ ಎಂದು ಬರೆದು, ಕೊನೆಯಲ್ಲಿ ಇಡೀ ಉತ್ತರವನ್ನು ದನಿಯಲ್ಲಿ ಸುಳಿವು ಕೊಡದೆ ಓದಿ ಹೇಳಿದರೆ ತಯಾರು. ಲಿಪಿಕಾರರಾಗುವ ಎಲ್ಲರಿಗೂ ವರ್ಷಕ್ಕೊಮ್ಮೆ ಇದನ್ನೇ ಮಾಡಿ. ಇದರಲ್ಲಿ ಇರುವುದು ‘ಆಯಿತು’, ‘ಇನ್ನೊಮ್ಮೆ’ ಎರಡೇ. ಯಾರೂ ಯಾರಿಗಿಂತ ಮುಂದಲ್ಲ, ಹಾಗಾಗಿ ಅವಮಾನವೂ ಇಲ್ಲ.

ಇನ್ನು ಓದುವವರ ಗುಣಮಟ್ಟ. ಅದನ್ನು ಹೇಳಬಲ್ಲವರು ಕೇಳುವ ವಿದ್ಯಾರ್ಥಿಗಳು ಮಾತ್ರ, ಮತ್ತು ಅವರು ಹೇಳುವುದಿಲ್ಲ. ಪುಕ್ಕಟೆ ಬಂದು ಓದುವವರ ಮೇಲೆ ದೂರು ಹೇಳಲು ಯಾರಿಗೆ ಬಾಯಿ ಬರುತ್ತದೆ? ‘ಟೀಚರ್ ಹೇಗೆ ಓದುತ್ತಾರೆ?’ ಎಂದು ಕೇಳಿದರೆ ‘ಚೆನ್ನಾಗಿ ಓದ್ತಾರೆ’ ಎಂಬ ಉತ್ತರ ಖಾಯಂ. ಬದಲಿಗೆ ‘ಯಾವ ಪಾಠವನ್ನು ಎರಡನೇ ಸಲ ಹಾಕಿ ಕೇಳಬೇಕಾಯಿತು?’ ಎಂದು ಕೇಳಿ. ಆಗ ಒಂದೊಂದೇ ಹೊರಬರುತ್ತದೆ: ಪುಟದ ಸಂಖ್ಯೆ ಹೇಳದೆ ಮುಂದೆ ಹೋದರು, ಕೋಷ್ಟಕವನ್ನು ಒಂದೇ ಉಸಿರಿಗೆ ಓದಿದರು, ಚಿತ್ರ ಬಂದಾಗ ‘ಇಲ್ಲೊಂದು ಚಿತ್ರ ಇದೆ’ ಎಂದು ಬಿಟ್ಟುಬಿಟ್ಟರು. ಮೆಚ್ಚುಗೆ ಸಿಗುವುದೂ ಇದೇ ಪ್ರಶ್ನೆಯಿಂದ. ಹೃದಯದ ರೇಖಾಚಿತ್ರವನ್ನು ಯಾರೋ ‘ನಿಮ್ಮ ಮುಷ್ಟಿ ಮಡಚಿಕೊಳ್ಳಿ’ ಎಂದು ಶುರುಮಾಡಿ ವಿವರಿಸಿರುತ್ತಾರೆ. ಅದು ಯಾರೆಂದು ನಿಮ್ಮ ನಾಲ್ಕು ಕಾಲಮಿಗೆ ಎಂದೂ ತಿಳಿಯುವುದಿಲ್ಲ.

ಹೀಗೆ ಸಿಕ್ಕಿದ್ದನ್ನು ಇಟ್ಟುಕೊಂಡು ಪ್ರತಿಯೊಬ್ಬರ ಜೊತೆ ವರ್ಷಕ್ಕೊಮ್ಮೆ ಅರ್ಧ ಗಂಟೆ ಕೂತು ಮಾತಾಡಿ. ಹೊಸಬರ ಜೊತೆ ಆರನೇ ವಾರದಲ್ಲೂ ಒಮ್ಮೆ. ಮಾರ್ಚ್, ಏಪ್ರಿಲ್ ಬೇಡ, ಪರೀಕ್ಷೆಯ ಗಡಿಬಿಡಿ, ಜೂನ್ ಒಳ್ಳೆಯದು. ಮಾತಾಡಬೇಕಾದವರು ಅವರಿಗೆ ಕೆಲಸ ಹಂಚುವವರು, ಅಧ್ಯಕ್ಷರಲ್ಲ. ಮೊದಲು ಅವರ ಮಾತು: ಈ ವರ್ಷ ಯಾವುದು ಹಿಡಿಸಿತು, ಯಾವುದು ಸಾಕಾಯಿತು, ನಮ್ಮಿಂದ ಏನು ತೊಂದರೆಯಾಯಿತು. ಆಮೇಲೆ ವಿದ್ಯಾರ್ಥಿಗಳಿಂದ ಬಂದ ಒಂದು ಮೆಚ್ಚುಗೆ, ಇದ್ದರೆ ಒಂದೇ ಒಂದು ತಿದ್ದುಪಡಿ. ಕೊನೆಗೆ ಮುಂದಿನ ವರ್ಷ ಇದೇ ಕೆಲಸವೋ, ಬೇರೆಯೋ, ಸ್ವಲ್ಪ ದಿನ ಬಿಡುವೋ. ಬಿಡುವು ಕೇಳುವ ದಾರಿ ತೆರೆದಿರದಿದ್ದರೆ ಜನ ಹೇಳದೆ ಕೇಳದೆ ಹೋಗಿಬಿಡುತ್ತಾರೆ. ಅರ್ಧ ಪುಟ ಬರೆದು ಒಂದು ಪ್ರತಿ ಅವರಿಗೆ ಕೊಡಿ. 38 ಜನರಿಗೆ ಒಟ್ಟು 19 ಗಂಟೆ. ಮೂವರು ಹಂಚಿಕೊಂಡರೆ ಒಂದು ತಿಂಗಳ ಭಾನುವಾರಗಳಲ್ಲಿ ಮುಗಿಯುತ್ತದೆ.

ಟೀಚರ ಮನೆಗೆ ನೀವೇ ಹೋಗಬೇಕು. ವಾಟ್ಸಾಪ್ ಬೇಡ, ನಿಯೋಗವೂ ಬೇಡ. ‘ಅಂಕ ಕೊಟ್ಟಿದ್ದು ನಮ್ಮ ತಪ್ಪು, ಪಟ್ಟಿ ಹರಿದು ಹಾಕಿದ್ದೇವೆ’ ಎಂದು ಹೇಳಿ, ಆಮೇಲೆ ತಡವಾಗುವುದರ ಕಾರಣ ಕೇಳಿ. ಹಾಸ್ಟೆಲಿಗೆ ಬರುವುದೇ ಕಷ್ಟವಾಗಿದ್ದರೆ ಮನೆಯಲ್ಲೇ ಕೂತು ರೆಕಾರ್ಡ್ ಮಾಡಬಹುದು. ಅವರು ‘ಇನ್ನು ಸಾಕಮ್ಮ’ ಎಂದರೆ ಕಾಫಿ ಕುಡಿದು ಎದ್ದು ಬನ್ನಿ, ಒತ್ತಾಯ ಮಾಡಬೇಡಿ.

ಪ್ರಶ್ನೆ: ಪ್ರತಿ ವರ್ಷ ನಮ್ಮ ಸಂಘದಲ್ಲಿ ಹತ್ತು ಜನ ಕಾರ್ಯಕರ್ತರಿಗೆ ಶಾಲು, ಹಾರ, ಪ್ರಮಾಣಪತ್ರ ಕೊಡುತ್ತೇವೆ. ಬಿಟ್ಟುಹೋದವರಿಗೆ ಮುನಿಸು. ಎಲ್ಲರಿಗೂ ಕೊಟ್ಟರೆ ಬೆಲೆಯಿಲ್ಲ. ಏನು ಮಾಡುವುದು?
— ಒಬ್ಬ ಓದುಗ, ಹಾಸನ

ಉತ್ತರ: ನನ್ನ ಬೀರುವಿನಲ್ಲೂ ಇಂಥ ಶಾಲುಗಳ ಒಂದು ಗಂಟಿದೆ, ಯಾವುದು ಯಾರು ಹೊದಿಸಿದ್ದೆಂದು ನೆನಪಿಲ್ಲ. ಮೊದಲೇ ಗೊತ್ತಿರುವ ಬಹುಮಾನ ಏನು ಮಾಡುತ್ತದೆ ನೋಡಿ: 1973ರಲ್ಲಿ ಅಮೆರಿಕದ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಮನಃಶಾಸ್ತ್ರಜ್ಞರು, ಚಿತ್ರ ಬಿಡಿಸುವುದೆಂದರೆ ಪ್ರಾಣವಾಗಿದ್ದ ಶಿಶುವಿಹಾರದ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಕೆಲವರಿಗೆ ಚಿತ್ರ ಬಿಡಿಸಿದರೆ ಪ್ರಮಾಣಪತ್ರ ಕೊಡುತ್ತೇವೆಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊನೆಗೆ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಕೆಲವು ದಿನಗಳ ನಂತರ ನೋಡಿದರೆ, ಮೊದಲೇ ಪ್ರಮಾಣಪತ್ರದ ಆಸೆ ತೋರಿಸಿದ್ದ ಮಕ್ಕಳು ಮಿಕ್ಕವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸುತ್ತಿದ್ದರು. ಹೇಳದೆ ಕೊಟ್ಟ ಮಕ್ಕಳ ಉತ್ಸಾಹ ಕುಗ್ಗಿರಲಿಲ್ಲ. ಮಕ್ಕಳ ಪ್ರಯೋಗವನ್ನು ದೊಡ್ಡವರಿಗೆ ಹಾಗೇ ಅಂಟಿಸಬಾರದು ನಿಜ. ಆದರೆ ಪ್ರತಿ ವರ್ಷ ಅದೇ ತಾರೀಖಿಗೆ, ಅಷ್ಟೇ ಜನಕ್ಕೆ ಎಂದು ಗೊತ್ತಿರುವ ಸನ್ಮಾನ ಹೀಗೇ ಪೈಪೋಟಿಯಾಗುವುದನ್ನು ನಾನು ಹಲವು ಸಂಘಗಳಲ್ಲಿ ಕಂಡಿದ್ದೇನೆ.

ನಿಮ್ಮಲ್ಲಿ ಕಾಲೇಜು ಹುಡುಗರಿದ್ದರೆ ಅವರ ಪ್ರಮಾಣಪತ್ರವನ್ನು ಈ ಸನ್ಮಾನದಿಂದ ಬೇರೆ ಮಾಡಿ. ಎನ್‌ಎಸ್‌ಎಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆ ತೋರಿಸಬೇಕು. ಎಷ್ಟು ಗಂಟೆ, ಯಾವ ಕೆಲಸ ಎಂದು ಬರೆದುಕೊಡುವುದು ನಿಮ್ಮ ಲೆಕ್ಕದ ಕೆಲಸ. ಅದಕ್ಕಾಗಿ ಅವರನ್ನು ವೇದಿಕೆಗೆ ಕಾಯಿಸಬೇಡಿ, ಕೇಳಿದ ವಾರದಲ್ಲೇ ಕೊಡಿ.

ಹತ್ತು ಜನರ ಪಟ್ಟಿಯನ್ನು ಈ ವರ್ಷ ಕೈಬಿಡಿ. ಯಾರ ಕೆಲಸದಿಂದ ಯಾರಿಗೆ ಏನಾಯಿತು ಎಂಬುದು ತಿಳಿದ ವಾರದಲ್ಲೇ, ಆ ವಿವರವನ್ನೇ ಹೇಳಿ ಎರಡು ಸಾಲಿನ ಕಾಗದ ಬರೆಯಿರಿ. ನಾಲ್ಕು ಜನರ ಎದುರು ಹೊಗಳಿಸಿಕೊಳ್ಳಲು ಮುಜುಗರಪಡುವವರೂ ಇದ್ದಾರೆ, ಅದರಲ್ಲೇ ಹಿಗ್ಗುವವರೂ ಇದ್ದಾರೆ. ಯಾರು ಯಾವ ಪೈಕಿ ಎಂದು ಸೇರಿದ ದಿನವೇ ಫಾರಂನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಶಾಲಿನ ದುಡ್ಡು ಉಳಿದರೆ ಕಾರ್ಯಕರ್ತರ ಬಸ್ ಚಾರ್ಜಿಗೆ ಹಾಕಿ.