ಹನ್ನೊಂದನೆಯ ಕರ್ತವ್ಯ ಯಾರದು?

ಬಳಿಚಕ್ರದ ಮಕ್ಕಳ ರಸಪ್ರಶ್ನೆ ಕಿರುಹೊತ್ತಿಗೆಗೆ ಬರೆದ ಪದ್ಯ:

ಎಪ್ಪತ್ತಾರರ ತಿದ್ದುಪಡಿ, ನಲವತ್ತೆರಡನೆಯದು,
ಐವತ್ತೊಂದು-ಎ ವಿಧಿಯಲ್ಲಿ ಹತ್ತು ಕರ್ತವ್ಯ ತಂದದ್ದು.
ಎರಡು ಸಾವಿರದೆರಡರಲ್ಲಿ ಎಂಬತ್ತಾರು ಬಂದಿತು,
ಹನ್ನೊಂದನೆಯ ಕರ್ತವ್ಯ ಪಟ್ಟಿಗೆ ಆಗ ಸಂದಿತು.
ಆರು ತುಂಬಿದ, ಹದಿನಾಲ್ಕರೊಳಗಿನ ಮಗುವಿಗೆ
ಓದಿನ ಅವಕಾಶ ಕೊಡುವ ಹೊಣೆ ಅವ್ವ-ಅಪ್ಪನಿಗೆ.

ಕೊನೆಯ ಸಾಲನ್ನು ಮಕ್ಕಳು ‘ಓದುವುದು ನಮ್ಮ ಕರ್ತವ್ಯ’ ಎಂದು ತಿಳಿಯುವುದುಂಟು. ಅದಕ್ಕೆ ‘ಎಷ್ಟನೆಯದು?’ ಎನ್ನುವ ಬದಲು ‘ಯಾರದು?’ ಎಂದು ಕೇಳಬೇಕು. ಉತ್ತರ: ತಂದೆ, ತಾಯಿ ಅಥವಾ ಪೋಷಕರದು. ಹತ್ತಿ ಬಿಡಿಸುವ ಹಂಗಾಮಿನಲ್ಲಿ ಹಾಜರಿ ಪುಸ್ತಕ ತೆರೆದವರಿಗೆ ಈ ವ್ಯತ್ಯಾಸ ಗೊತ್ತು. ಕರ್ತವ್ಯ ಪಾಲಿಸದವರ ಮೇಲೆ 51-ಎ ಒಂದರಿಂದಲೇ ಮೊಕದ್ದಮೆ ಹೂಡಲಾಗದು. ಆದರೆ ಮಗುವಿನ ಹಕ್ಕು ಅದೇ ತಿದ್ದುಪಡಿ ತಂದ 21-ಎ ವಿಧಿಯಲ್ಲಿದೆ, ಅದಕ್ಕೆ ಸರ್ಕಾರವೇ ಹೊಣೆ.