ಪಾಲಿಗೆ ಕೂರುವ ಮೊದಲು ಮೂರು ಲೆಕ್ಕ

ಅಮ್ಮನನ್ನು ಐದು ವರ್ಷ ನೋಡಿಕೊಂಡದ್ದಕ್ಕೆ ನಾನು ಕೇಳಿದ್ದು ಒಂದು ಎಕರೆ ಹೆಚ್ಚು ಹೊಲ. ಕೊನೆಗೆ ಲೆಕ್ಕದಲ್ಲಿ ಬಂದದ್ದು 1 ಲಕ್ಷ 20 ಸಾವಿರ. ಅದರಲ್ಲೂ ಅಣ್ಣನಿಗೆ ನಾನೇ 20 ಸಾವಿರ ಕೊಡಬೇಕಾಗಿತ್ತು! ಮೊದಲು ಸಿಟ್ಟು ಬಂತು. ಲೆಕ್ಕದ ಹಾಳೆಯನ್ನು ಎರಡು ಸಲ ಓದಿದ ಮೇಲೆ ಸಿಟ್ಟು ಇಳಿಯಿತು. ಆ ಹಾಳೆ ಇನ್ನೊಬ್ಬರಿಗೂ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು ಮಧುಗಿರಿ ತಾಲೂಕಿನ ಹಳ್ಳಿ. ನಾವು ನಾಲ್ವರು. ಅಣ್ಣ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಎರಡನೆಯವನು ನಾನು, ಊರಲ್ಲೇ ಬೇಸಾಯ. ತಂಗಿಯನ್ನು ಸಿರಾ ಕಡೆ ಕೊಟ್ಟದ್ದು. ಗಂಡ ತೀರಿಕೊಂಡಿದ್ದಾನೆ, ಓದುವ ಮಕ್ಕಳು ಇಬ್ಬರು. ತಮ್ಮ ಕೊರಟಗೆರೆಯಲ್ಲಿ ಆಟೋ ಓಡಿಸುತ್ತಾನೆ. ಅಪ್ಪ 2012ರಲ್ಲಿ ಹೋದರು, ಉಯಿಲು ಬರೆದಿರಲಿಲ್ಲ. 2016ರಲ್ಲಿ ಅಮ್ಮನಿಗೆ ಲಕ್ವ ಹೊಡೆಯಿತು. 2021ರವರೆಗೆ ಹಾಸಿಗೆಯಲ್ಲೇ ಇದ್ದರು. ಅವರ ತಿಥಿ ಮುಗಿದ ಮೇಲೆ ಪಾಲಿನ ಮಾತು ಎದ್ದಿತು.

ಒಬ್ಬೊಬ್ಬರ ಬಾಯಲ್ಲಿ ಒಂದೊಂದು ನ್ಯಾಯ. 'ಎಲ್ಲರಿಗೂ ಸಮ' ಅಂದ ಅಣ್ಣ. 'ನೋಡಿಕೊಂಡವನಿಗೆ ಹೆಚ್ಚು' ಅಂದೆ ನಾನು. 'ತಂಗಿಗೆ ಕಷ್ಟ ಇದೆ, ಅವಳಿಗೆ ಹೆಚ್ಚು' ಅಂದ ತಮ್ಮ. ಪಂಚಾಯ್ತಿಗೆ ಬಂದ ಹಿರಿಯರೊಬ್ಬರು 'ಹಿರಿಮಗನಿಗೆ ಜ್ಯೇಷ್ಠ ಭಾಗ' ಅಂತಲೂ ತೆಗೆದರು. ಅದು ಹಳೇ ಮಾತು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಮಿತಾಕ್ಷರ ಬರೆದ ವಿಜ್ಞಾನೇಶ್ವರನೇ, ಇಂಥ ಹೆಚ್ಚುಕಮ್ಮಿ ಪಾಲು ಶಾಸ್ತ್ರದಲ್ಲಿದ್ದರೂ ಲೋಕ ಒಪ್ಪದ್ದರಿಂದ ನಡೆಸಬಾರದು ಎಂದಿದ್ದಾನೆ.

ನಮ್ಮ ಸೋದರಮಾವ ಒಂದು ಮಾತು ಹೇಳಿದರು. 'ಮೂರೂ ಸರಿ. ಆದರೆ ಮೂರನ್ನೂ ಒಂದೇ ಚೀಲಕ್ಕೆ ಹಾಕಬೇಡಿ. ಪಾಲು ಅನ್ನೋದು ಹಕ್ಕು. ನೋಡಿಕೊಂಡದ್ದು ಸಾಲ. ಕಷ್ಟಕ್ಕೆ ಕೊಡೋದು ಕೊಡುಗೆ. ಬೇರೆ ಬೇರೆ ಬರೀರಿ.' ನಾವು ಹಾಗೇ ಮಾಡಿದೆವು.

ಮೊದಲು ಹಕ್ಕು

ಜಮೀನು ಅಪ್ಪನ ಸ್ವಂತ ಸಂಪಾದನೆ. ಉಯಿಲು ಇಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಹೆಂಡತಿಗೂ ಗಂಡುಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೂ ಒಂದೊಂದು ಸಮಪಾಲು. ಅಮ್ಮ ಇದ್ದಾಗ ಐದು ಪಾಲು, ಅಮ್ಮನ ನಂತರ ನಾಲ್ಕು. ಪಿತ್ರಾರ್ಜಿತವಾದರೆ ಹೆಣ್ಣುಮಕ್ಕಳಿಗೆ ಇಲ್ಲ ಎಂಬ ಮಾತು ಇನ್ನೂ ಕೆಲವರ ಬಾಯಲ್ಲಿದೆ. ನಮ್ಮ ರಾಜ್ಯ 1994ರಲ್ಲೇ, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಹಕ್ಕು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಮದುವೆಯ ಷರತ್ತನ್ನೂ ತೆಗೆಯಿತು. ಆ ದಿನ ತಂದೆ ಬದುಕಿರಬೇಕಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2004ರ ಡಿಸೆಂಬರ್ 20ಕ್ಕೂ ಮುಂಚೆ ರಿಜಿಸ್ಟರ್ ಆದ ಅಥವಾ ಕೋರ್ಟಿನಿಂದ ಆದ ಪಾಲನ್ನು ಮಾತ್ರ ಇದರ ಹೆಸರಲ್ಲಿ ಮತ್ತೆ ಕೆದಕುವಂತಿಲ್ಲ.

'ತಂಗಿಗೆ ಮದುವೆಯಲ್ಲೇ ಕೊಟ್ಟಾಗಿದೆ' ಎಂಬ ಮಾತೂ ಬಂತು. ಹಾಗಾದರೆ ಅಣ್ಣನ ಕಾಲೇಜಿಗೆ ಮಾರಿದ ಜೋಡಿ ಎತ್ತು? ನನ್ನ ಮದುವೆ ಖರ್ಚು? ಬರೆಯುವುದಾದರೆ ಎಲ್ಲರದ್ದೂ ಬರೆಯಬೇಕು, ಇಲ್ಲವೇ ಯಾರದ್ದೂ ಬೇಡ. ನಾವು ಯಾರದ್ದೂ ಬೇಡ ಅಂದೆವು.

ಆಮೇಲೆ ಸಾಲ

ನೋಡಿಕೊಂಡದ್ದಕ್ಕೆ ಬೆಲೆ ಕಟ್ಟುವುದೇ ಎಂದು ಮುಖ ಸಿಂಡರಿಸಬೇಡಿ. ಬೆಲೆ ಕಟ್ಟದಿದ್ದರೆ ಒಬ್ಬ 'ಏನೂ ಇಲ್ಲ' ಅನ್ನುತ್ತಾನೆ, ಇನ್ನೊಬ್ಬ 'ಒಂದು ಎಕರೆ' ಅನ್ನುತ್ತಾನೆ. ಜಗಳ ಆ ಎರಡರ ಮಧ್ಯೆ ನಿಲ್ಲುತ್ತದೆ.

ಐದು ವರ್ಷದಲ್ಲಿ ಆಸ್ಪತ್ರೆ, ಔಷಧಿ, ಓಡಾಟಕ್ಕೆ ಆದ ನಗದು ಖರ್ಚು 2 ಲಕ್ಷ 80 ಸಾವಿರ. ಅದರಲ್ಲಿ ಅಣ್ಣ ತಿಂಗಳಿಗೆ ಒಂದೂವರೆ ಸಾವಿರದಂತೆ ಕಳಿಸಿದ್ದು 90 ಸಾವಿರ, ನಾನು ಹಾಕಿದ್ದು 1 ಲಕ್ಷ 90 ಸಾವಿರ. ಇನ್ನು ಆರೈಕೆಯ ಕೆಲಸ. ಮೈ ಒರೆಸುವುದು, ಬಟ್ಟೆ ಬದಲಿಸುವುದು, ಊಟ ತಿನ್ನಿಸುವುದು, ರಾತ್ರಿ ಏಳುವುದು. ದಿನಕ್ಕೆ ಅರ್ಧ ಆಳಿನ ಹೆಣ್ಣಾಳು ಕೂಲಿ ಹಿಡಿದು ತಿಂಗಳಿಗೆ 4 ಸಾವಿರ ಅಂದರು. 60 ತಿಂಗಳಿಗೆ 2 ಲಕ್ಷ 40 ಸಾವಿರ. ಇಲ್ಲೊಂದು ನಿಜ ಹೇಳಬೇಕು. ಆ ಕೆಲಸ ಮಾಡಿದ್ದು ನಾನಲ್ಲ, ನನ್ನ ಹೆಂಡತಿ. ಕಾನೂನಿನಲ್ಲಿ ಸೊಸೆಗೆ ಅತ್ತೆಯ ಆಸ್ತಿಯಲ್ಲಿ ಪಾಲಿಲ್ಲ. ಲೆಕ್ಕ ಬರೆಯದಿದ್ದರೆ ಅವಳ ಐದು ವರ್ಷ ಎಲ್ಲೂ ಕಾಣುತ್ತಲೇ ಇರಲಿಲ್ಲ.

ಒಟ್ಟು 5 ಲಕ್ಷ 20 ಸಾವಿರ. ನಾಲ್ವರೂ ಹೊರಬೇಕಾದ್ದು, ತಲೆಗೆ 1 ಲಕ್ಷ 30 ಸಾವಿರ.

ಇಷ್ಟಕ್ಕೇ ಲೆಕ್ಕ ನಿಲ್ಲಿಸಿದ್ದರೆ ನನಗೆ ಖುಷಿ. ಮಾವ ಇನ್ನೊಂದು ಕಂಬ ಎಳೆದರು: 'ಐದು ವರ್ಷ ಪೂರ್ತಿ ಜಮೀನು ಉಂಡವರು ಯಾರು?' ನಾನೇ. ಬೆಳೆಯ ಲಾಭ ನೋಡಲಿಲ್ಲ, ಅದು ನನ್ನ ದುಡಿಮೆ. ಊರಲ್ಲಿ ನಡೆಯುವ ಗುತ್ತಿಗೆ ಮಾತ್ರ ಹಿಡಿದರು. ಪೂರ್ತಿ ಜಮೀನಿಗೆ ವರ್ಷಕ್ಕೆ 60 ಸಾವಿರ. ಆಗ ಅಮ್ಮನೂ ಇದ್ದದ್ದರಿಂದ ಐದು ಪಾಲು, ತಲೆಗೆ 12 ಸಾವಿರ. ಅಮ್ಮನ ಪಾಲು ಅವರ ಊಟಕ್ಕೆ ಸರಿಹೋಯಿತು. ಉಳಿದ ಮೂವರಿಗೆ ಐದು ವರ್ಷಕ್ಕೆ ತಲಾ 60 ಸಾವಿರ ನಾನು ಕೊಡಬೇಕು.

ಈಗ ಕಳೆಯಿರಿ. ಅಣ್ಣ ಕೊಡಬೇಕಾದ 1 ಲಕ್ಷ 30 ಸಾವಿರದಲ್ಲಿ ಆಗಲೇ ಕಳಿಸಿದ್ದು 90 ಸಾವಿರ, ಗುತ್ತಿಗೆ ಬಾಬ್ತು 60 ಸಾವಿರ. ನಾನೇ ಅವನಿಗೆ 20 ಸಾವಿರ ಬಾಕಿ. ತಂಗಿ, ತಮ್ಮ ಇಬ್ಬರೂ ನನಗೆ ತಲಾ 70 ಸಾವಿರ ಕೊಡಬೇಕು. ನನ್ನ ಕೈಗೆ ನಿಲ್ಲುವುದು 1 ಲಕ್ಷ 20 ಸಾವಿರ.

ಜಮೀನನ್ನು ನಾಲ್ಕು ಸೀಳು ಮಾಡಬೇಡಿ

ನಮ್ಮ ನಾಲ್ಕು ತಾಲೂಕಿನಲ್ಲಿ ಎಕರೆ ಲೆಕ್ಕದ ಸಮಪಾಲು ಸಮ ಅಲ್ಲ. ಬೋರಿನಲ್ಲಿ ನೀರಿರುವ ಒಂದು ಎಕರೆಯೂ ಕಡ್ಲೇಕಾಯಿ ಹಾಕುವ ಮಳೆಯಾಶ್ರಿತ ಒಂದು ಎಕರೆಯೂ ಬೇರೆ ಬೇರೆ. ಸಮ ಇರಲಿ ಅಂತ ಪ್ರತಿ ತುಂಡನ್ನೂ ನಾಲ್ಕು ಸೀಳು ಮಾಡಿದರೆ ಬೋರು ಒಬ್ಬನಿಗೆ, ದಾರಿ ಇನ್ನೊಬ್ಬನಿಗೆ, ಬದು ಎಲ್ಲರಿಗೂ. ಆಮೇಲೆ ಯಾರೂ ಉಳುಮೆ ಮಾಡಲಾಗುವುದಿಲ್ಲ.

ನಾವು ಬೆಲೆ ಸಮ ಮಾಡಿದೆವು. ಬೋರಿನ ತೋಟ 2 ಎಕರೆಗೆ 30 ಲಕ್ಷ ಹಿಡಿದರು. ಕೆಂಪುಮಣ್ಣಿನ ಹೊಲ 4 ಎಕರೆಗೆ 32 ಲಕ್ಷ. ಹುಣಸೆ ಮರ ಇರುವ ಕಲ್ಲುಭೂಮಿ ಒಂದೂವರೆ ಎಕರೆಗೆ 10 ಲಕ್ಷ. ಮನೆ, ಕೊಟ್ಟಿಗೆಗೆ 12 ಲಕ್ಷ. ಒಟ್ಟು 84, ತಲೆಗೆ 21 ಲಕ್ಷ. ಇದು ನಾವು ನಾಲ್ವರೂ ಒಪ್ಪಿದ ಬೆಲೆ, ನಿಮ್ಮೂರಲ್ಲಿ ಬೇರೆ ಇರುತ್ತದೆ.

ಗುಡ್ಡೆ ಹಾಕುವ ಕೆಲಸ ನನಗೇ ಕೊಟ್ಟರು, ಜಮೀನು ಬಲ್ಲವನು ಅಂತ. ಷರತ್ತು ಒಂದೇ: ಗುಡ್ಡೆ ಹಾಕಿದವನು ಕೊನೆಗೆ ಎತ್ತಬೇಕು. ಆಗ ಮೋಸ ಮಾಡಲು ಮನಸ್ಸೇ ಬರುವುದಿಲ್ಲ! ಮೊದಲ ಗುಡ್ಡೆ ತೋಟ, ಎತ್ತಿದವರು 9 ಲಕ್ಷ ಕೊಡಬೇಕು. ಎರಡನೆಯದು ಮನೆ ಮತ್ತು ಹುಣಸೆ ತುಂಡು, 1 ಲಕ್ಷ ಕೊಡಬೇಕು. ಮೂರು, ನಾಲ್ಕು ತಲಾ 2 ಎಕರೆ ಹೊಲ, 5 ಲಕ್ಷ ನಗದು ಬರುತ್ತದೆ.

ಕೊನೆಗೆ ಕೊಡುಗೆ

ಕಷ್ಟ ಇದ್ದವರಿಗೆ ಪಾಲಿನ ಅಳತೆ ದೊಡ್ಡದು ಮಾಡಿದರೆ ಉಳಿದವರ ಹಕ್ಕಿಗೆ ಕೈ ಹಾಕಿದಂತೆ. ಇವತ್ತಿನ ಕಷ್ಟ ಹತ್ತು ವರ್ಷದ ನಂತರ ಅದೇ ಮನೆಯಲ್ಲಿ ಇರುತ್ತದೆ ಅಂತಲೂ ಇಲ್ಲ. ಹಾಗಾಗಿ ತಂಗಿಗೆ ಕೊಟ್ಟದ್ದು ಮೊದಲು ಎತ್ತುವ ಅವಕಾಶ. ಅವಳು ಮೂರನೆಯ ಗುಡ್ಡೆ ಎತ್ತಿದಳು. 'ದೂರದಿಂದ ತೋಟ ನೋಡಲಾರೆ, ಹೊಲ ಗುತ್ತಿಗೆಗೆ ಕೊಡ್ತೀನಿ, ದುಡ್ಡು ಮಕ್ಕಳ ಓದಿಗೆ' ಅಂದಳು. ತಮ್ಮ ಮನೆ ಎತ್ತಿದ. ಅಣ್ಣ ಹೊಲ. ನನಗೆ ತೋಟ, ಮತ್ತು 9 ಲಕ್ಷದ ಭಾರ. ಹುಟ್ಟಿದ ಮನೆ ಕೈ ಬಿಟ್ಟದ್ದು ನನಗೆ ಇವತ್ತಿಗೂ ನೋವು. ಎರಡು ವರ್ಷ ಅಲ್ಲೇ ಇರು ಅಂತ ತಮ್ಮ ಬರೆದುಕೊಟ್ಟ.

ಆಮೇಲೆ ಅಣ್ಣ ತನಗೆ ಬರಬೇಕಾದ 20 ಸಾವಿರ ತಂಗಿಗೆ ಕೊಡು ಅಂದ. ತಂಗಿಯಿಂದ ಬರಬೇಕಾದ 70 ಸಾವಿರ ಬಿಡು ಅಂದವಳು ನನ್ನ ಹೆಂಡತಿ. ಹಾಗೆ ತಂಗಿಗೆ 5 ಲಕ್ಷ 20 ಸಾವಿರ, ಅಣ್ಣನಿಗೆ 5 ಲಕ್ಷ. ತಮ್ಮ ಕೊಟ್ಟದ್ದು 1 ಲಕ್ಷ 70 ಸಾವಿರ, ನಾನು 8 ಲಕ್ಷ 50 ಸಾವಿರ. ನನಗೆ ಮೂರು ವರ್ಷದ ಕಂತು, ತಂಗಿಯ ದುಡ್ಡು ಮೊದಲು. ಆ ಮೂರು ವರ್ಷದಲ್ಲಿ ಬೋರು ಬತ್ತಿದರೆ ಹೊಸ ಬೋರಿನ ಖರ್ಚು ಒಂದು ಸಲ ನಾಲ್ವರದ್ದೂ ಎಂದು ಬರೆದೆವು. ನೀರಿದೆ ಎಂದೇ ತೋಟಕ್ಕೆ ಅಷ್ಟು ಬೆಲೆ ಕಟ್ಟಿದ್ದಲ್ಲವೇ?

ಕಾಗದ

ಬಾಯಿಮಾತಿನ ಪಾಲು ಮುಂದಿನ ತಲೆಮಾರಿಗೆ ದಾಟುವುದಿಲ್ಲ. ನಮ್ಮದು 2022ರಲ್ಲಿ ರಿಜಿಸ್ಟರ್ ಆಯಿತು. ಒಂದೇ ಸರ್ವೆ ನಂಬರನ್ನು ಒಡೆಯುವುದಾದರೆ ಮೊದಲು ಸರ್ವೆಯವರಿಂದ 11-ಇ ನಕ್ಷೆ ಬೇಕು. ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಭಾಗ ಪತ್ರ, ನಂತರ ಮ್ಯುಟೇಶನ್ ಆಗಿ ಪಹಣಿಗೆ ಹೆಸರು. ನಾವು ಒಡೆದದ್ದು ನಾಲ್ಕು ಎಕರೆ ಹೊಲ ಒಂದನ್ನೇ, ಹಾಗಾಗಿ ಒಂದೇ ನಕ್ಷೆ ಸಾಕಾಯಿತು. ಹಿಂದಿನ ಹೊಲಕ್ಕೆ 12 ಅಡಿ ಗಾಡಿ ದಾರಿಯನ್ನು ಪತ್ರದಲ್ಲೇ ಬರೆಸಿದೆವು. ಯಾರು ಯಾರಿಗೆ ಎಷ್ಟು ಕೊಡಬೇಕು, ಯಾವಾಗ ಎಂಬುದೂ ಅದರಲ್ಲೇ ಇದೆ. ಮೊದಲೇ ಹೆಣ್ಣುಮಕ್ಕಳಿಂದ ಹಕ್ಕು ಖುಲಾಸೆಗೆ ಸಹಿ ಹಾಕಿಸಿ 'ಆಮೇಲೆ ನೋಡೋಣ' ಅನ್ನುವವರಿದ್ದಾರೆ. ಲೆಕ್ಕದ ಹಾಳೆ ಓದಿಸದೆ ಆ ಸಹಿ ಕೇಳಬಾರದು, ಹಾಕಲೂ ಬಾರದು.

ಅಪ್ಪ ಅಮ್ಮ ಇರುವಾಗಲೇ ಜಮೀನು ಬರೆದುಕೊಡುವವರು, ಕೊನೆವರೆಗೆ ನೋಡಿಕೊಳ್ಳಬೇಕೆಂಬ ಷರತ್ತನ್ನು ದಾನಪತ್ರದಲ್ಲೇ ಬರೆಸಿ. ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯಿದೆಯಡಿ ಪತ್ರ ರದ್ದು ಮಾಡಿಸಬಹುದು. ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿಗೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ನಾಲ್ಕಕ್ಕೂ ಅವರ ಕಚೇರಿ ಮಧುಗಿರಿಯಲ್ಲೇ ಇದೆ.

ನಮ್ಮ ಲೆಕ್ಕದಲ್ಲಿ ಒಂದು ಕೊರತೆ ಉಳಿಯಿತು. ಐದು ವರ್ಷದ ಖರ್ಚನ್ನು ನೆನಪಿನಿಂದ ಬರೆದದ್ದು. ಔಷಧಿ ಚೀಟಿ ಅರ್ಧ ಇರಲಿಲ್ಲ, ಅದಕ್ಕಾಗಿ ಎರಡು ಸಂಜೆ ಮಾತಿಗೆ ಮಾತು ಬೆಳೆಯಿತು. ಈಗ ನಿಮ್ಮ ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುತ್ತಿದ್ದರೆ ಗೋಡೆಗೊಂದು ಇಪ್ಪತ್ತು ರೂಪಾಯಿಯ ನೋಟ್‌ಬುಕ್ ನೇತುಹಾಕಿ. ಖರ್ಚು, ಯಾರು ಕಳಿಸಿದ್ದು, ಯಾರು ಬಂದು ರಾತ್ರಿ ಕೂತದ್ದು, ಎಲ್ಲ ಬರೆಯಿರಿ. ಅಣ್ಣತಮ್ಮಂದಿರು ಬಂದಾಗ ಅವರಿಗೂ ಕಾಣುವಂತೆ ಇರಲಿ.

— ಒಬ್ಬ ಕೃಷಿಕ, ಮಧುಗಿರಿ ತಾಲೂಕು