ಕೈಯಲ್ಲಿದ್ದ ದುಡ್ಡಿಗೆ ಬಂದಷ್ಟೇ ಕುರಿ

ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸ ಬಿಟ್ಟು ಸಿಂಗಟಗೆರೆಗೆ ವಾಪಸು ಬಂದಾಗ ಪಿಎಫ್ ದುಡ್ಡು, ಅಂಚೆ ಕಚೇರಿಯ ಆರ್‌ಡಿ ಎರಡೂ ಸೇರಿ ನನ್ನ ಹತ್ತಿರ 60,000 ರೂಪಾಯಿ ಇತ್ತು. ಸಾಲದ ಮಾತೇ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಕಡೂರು ಸೀಮೆಯಲ್ಲಿ ಬೋರ್‌ವೆಲ್‌ಗೆ ಸಾಲ ತಂದು, ನೀರು ಬಾರದೆ ಬಡ್ಡಿ ಮಾತ್ರ ಉಳಿದ ಮನೆಗಳು ಬೇಕಾದಷ್ಟಿವೆ, ನಮ್ಮದೂ ಅದರಲ್ಲೊಂದು. ಇನ್ನು ವಾರದ ಕಂತಿನ ಕಾಟ ರಾಜ್ಯದಲ್ಲಿ ಎಷ್ಟು ಬೆಳೆದಿತ್ತೆಂದರೆ, ಬಲವಂತದ ವಸೂಲಿ ತಡೆಯಲು 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಸಾಲ ಬೇಡ ಅನ್ನುವವರು ಯಾವ ಕಸುಬಿನಲ್ಲಿ ಲಾಭ ಜಾಸ್ತಿ ಅಂತ ಕೇಳುವುದಕ್ಕಿಂತ ಮೊದಲು, ಹಾಕಿದ ದುಡ್ಡು ಎಷ್ಟು ದಿನಕ್ಕೆ ಕೈಗೆ ಬರುತ್ತದೆ, ನಡುವೆ ಕಷ್ಟ ಬಂದರೆ ಅರ್ಧಕ್ಕೆ ಬಿಡಿಸಿಕೊಳ್ಳಬಹುದೇ ಅಂತ ಕೇಳಬೇಕು. ನಮ್ಮ ಕಡೆ ಎಲ್ಲರಿಗೂ ಮೊದಲು ಹೊಳೆಯುವುದು ಕೊಬ್ಬರಿ. ಆದರೆ ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಅಟ್ಟದ ಮೇಲೆ ಎಂಟು ತಿಂಗಳಿಂದ ವರ್ಷದವರೆಗೆ ಕೂರಬೇಕು. ಅಷ್ಟೂ ದಿನ ದುಡ್ಡು ಅಟ್ಟದಲ್ಲೇ. ಟಗರು ಮರಿ ಹಾಗಲ್ಲ. ನಾಲ್ಕು ತಿಂಗಳಿಗೆ ಮಾರಾಟಕ್ಕೆ ಬರುತ್ತದೆ, ತೀರಾ ಕಷ್ಟವಾದರೆ ಒಂದನ್ನು ಮಾತ್ರ ಸಂತೆಗೆ ಹೊಡೆದುಕೊಂಡು ಹೋಗಬಹುದು.

ಲೆಕ್ಕ ಹೀಗೆ ಹಾಕಿದೆ. ಹಾಲು ಬಿಟ್ಟ, ಸುಮಾರು 13 ಕೆಜಿ ತೂಗುವ ಐದು ಟಗರು ಮರಿ, ಒಂದಕ್ಕೆ 6,000ದಂತೆ 30,000. ಕೈತಿಂಡಿಗೆ 4,500, ಹೊಟ್ಟು ಮೇವಿಗೆ 3,000, ಜಂತುಹುಳದ ಔಷಧಿ, ಹಗ್ಗ, ಬಕೆಟ್ಟು ಅಂತ 1,000. ಒಟ್ಟು 38,500. ಉಳಿದ 21,500 ಬ್ಯಾಂಕಿನಲ್ಲೇ ಇರಲಿ ಅಂದೆ. ‘ಇನ್ನೂ ಮೂರು ಮರಿ ಬರ್ತಿತ್ತಲ್ಲ’ ಅಂತ ಅಣ್ಣ ರೇಗಿಸಿದ. ಬರುತ್ತಿತ್ತು. ಆದರೆ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಬಲಿಯದ ಮರಿಯನ್ನು ಬಂದ ಬೆಲೆಗೆ ಮಾರಬೇಕಾಗುತ್ತಿತ್ತು.

ನಾಲ್ಕು ತಿಂಗಳು ಚೆನ್ನಾಗಿ ಮೇಯಿಸಿದರೆ ಮರಿ ದಿನಕ್ಕೆ 120 ಗ್ರಾಂ ಆಸುಪಾಸು ಏರಿ 27 ಕೆಜಿಗೆ ಬರುತ್ತದೆ. ಜೀವತೂಕಕ್ಕೆ ಕೆಜಿಗೆ 400 ಹಿಡಿದರೂ ಒಂದಕ್ಕೆ 10,800, ಐದಕ್ಕೆ 54,000. ಒಂದು ಸತ್ತರೆ 43,200. ಆಗಲೂ ಹಾಕಿದ್ದು ಬಂದು ಸ್ವಲ್ಪ ಉಳಿಯುತ್ತದೆ. ಎರಡು ಸತ್ತರೆ ಸುಮಾರು ಆರು ಸಾವಿರ ಕೈಬಿಡುತ್ತದೆ, ಅದನ್ನು ಬ್ಯಾಂಕಿನಲ್ಲಿಟ್ಟದ್ದು ತಡೆದುಕೊಳ್ಳುತ್ತದೆ. ನಮ್ಮ ಮೈಕೆಲಸಕ್ಕೆ ಇದರಲ್ಲಿ ಕೂಲಿ ಹಿಡಿದಿಲ್ಲ, ಅದನ್ನು ಮುಚ್ಚಿಡುವುದು ಬೇಡ. ಸಂತೆಯ ದರವೂ ವಾರವಾರ ಬದಲಾಗುತ್ತದೆ. ಕೊಳ್ಳುವ ಮುಂಚೆ ಎರಡು ಮೂರು ಸಂತೆಗೆ ಬರಿಗೈಯಲ್ಲಿ ಹೋಗಿ ದರ ಕೇಳಿಕೊಂಡು ಬರುವುದು ಒಳ್ಳೆಯದು.

ಕೊಳ್ಳುವುದಕ್ಕೆ ಸಂತೆಗಿಂತ ಕುರಿಹಟ್ಟಿಯೇ ವಾಸಿ. ಸಂತೆಗೆ ಬರುವ ಮರಿಗೆ ಕೆಲವರು ಉಪ್ಪು ತಿನ್ನಿಸಿ ಹೊಟ್ಟೆ ತುಂಬ ನೀರು ಕುಡಿಸಿರುತ್ತಾರೆ, ದುಂಡಗೆ ಕಾಣುತ್ತದೆ. ಹಟ್ಟಿಯ ಅಜ್ಜ ಒಬ್ಬರು, ‘ಹೊಟ್ಟೆ ನೋಡಿ ತಗೋಬ್ಯಾಡ ತಾಯಿ, ಬೆನ್ನು ಹಿಡಿದು ನೋಡು’ ಅಂದಿದ್ದರು. ಸೊಂಟದ ಹತ್ತಿರ ಬೆನ್ನುಮೂಳೆಯ ಮೇಲೆ ಬೆರಳಾಡಿಸಿದಾಗ ಮೂಳೆ ಚೂಪಾಗಿ ತಾಕಿದರೆ ಮರಿ ಒಳಗೆ ಸೊರಗಿದೆ. ಆಮೇಲೆ ಕೆಳಗಿನ ರೆಪ್ಪೆ ಎಳೆದು ನೋಡಬೇಕು. ಒಳಗೆ ಕೆಂಪಿದ್ದರೆ ಸರಿ, ಬಿಳಿಚಿಕೊಂಡಿದ್ದರೆ ರಕ್ತ ಹೀರುವ ಹುಳ ತುಂಬಿರುತ್ತದೆ. ಬಾಲದ ಕೆಳಗೆ ಹಿಕ್ಕೆ ಮೆತ್ತಿಕೊಂಡಿದ್ದರೆ, ಮೂಗು ಸೋರುತ್ತಿದ್ದರೆ, ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ತಂದ ಮರಿಯನ್ನು ಎರಡು ಮೂರು ವಾರ ಮನೆಯ ಕುರಿಗಳಿಂದ ದೂರ ಕಟ್ಟಬೇಕು.

ಮೇವು ಅಗ್ಗವಿರುವ ಕಾಲಕ್ಕೆ ಮರಿ ತರುವುದು ಇದರ ಗುಟ್ಟು. ಸುಗ್ಗಿ ಮುಗಿದು ಡಿಸೆಂಬರಿನ ಹೊತ್ತಿಗೆ ಹುರುಳಿ ಹೊಟ್ಟು, ಕಡ್ಲೆಕಾಯಿ ಬಳ್ಳಿ, ಅವರೆ ಹೊಟ್ಟು ಕಣದಲ್ಲೇ ಸಿಗುತ್ತವೆ. ಆಗ ತಂದ ಮರಿ ಯುಗಾದಿಯ ಮಾರನೇ ದಿನದ ವರ್ಷತೊಡಕಿಗೆ ಸರಿಯಾಗಿ ಬಲಿಯುತ್ತದೆ. ಆ ವಾರ ಗಿರಾಕಿ ಮನೆ ಬಾಗಿಲಿಗೇ ಬರುತ್ತಾರೆ. ಬಕ್ರೀದಿಗೆ ಬೆಲೆ ಇನ್ನೂ ಚೆಂದ, ಆದರೆ ಆಗ ಕೊಳ್ಳುವವರು ಹಲ್ಲು ನೋಡುತ್ತಾರೆ, ಕೊಂಬು ಮುರಿದಿದ್ದರೆ, ಕಿವಿ ಹರಿದಿದ್ದರೆ ಬೇಡ ಅನ್ನುತ್ತಾರೆ. ನಾಲ್ಕು ತಿಂಗಳ ಲೆಕ್ಕದವರು ಅದನ್ನು ನೆಚ್ಚಿಕೊಳ್ಳಬಾರದು. ಶ್ರಾವಣದಲ್ಲಿ ಮಾರುವ ಹಾಗೆ ಮಾತ್ರ ಮಾಡಿಕೊಳ್ಳಬೇಡಿ.

ಕೈತಿಂಡಿ ಅಂದರೆ ಮುಸುಕಿನ ಜೋಳದ ನುಚ್ಚು, ಕಡ್ಲೆಕಾಯಿ ಹಿಂಡಿ, ಬೂಸಾ, ಚಿಟಿಕೆ ಉಪ್ಪು, ಖನಿಜ ಮಿಶ್ರಣ. ಮೊದಲ ವಾರ ಒಂದು ಮರಿಗೆ ಒಂದು ಹಿಡಿ ಸಾಕು. ಆಮೇಲೆ ಸ್ವಲ್ಪಸ್ವಲ್ಪವೇ ಏರಿಸಿ ಕಾಲು ಕೆಜಿ ಮುಟ್ಟಿಸಬೇಕು. ಬೇಗ ಬಲಿಯಲಿ ಅಂತ ಒಮ್ಮೆಗೇ ಸುರಿದರೆ ಹೊಟ್ಟೆ ಉಬ್ಬುತ್ತದೆ, ಮೆಲುಕು ನಿಲ್ಲುತ್ತದೆ, ಮರಿ ಹಲ್ಲು ಕಡಿಯುತ್ತ ಮೂಲೆ ಸೇರುತ್ತದೆ. ಕರುಳು ಬೇನೆ ಬರುವುದೂ ಹೀಗೆಯೇ: ಕಾಳು ಜಾಸ್ತಿ ತಿಂದಾಗ, ಇಲ್ಲವೆ ಮೊದಲ ಮಳೆಯ ಎಳೆ ಹುಲ್ಲಿಗೆ ಬಾಯಿ ಹಾಕಿದಾಗ. ಅದು ಬಡಿಯುವುದು ಸೊರಗಿದ ಮರಿಯನ್ನಲ್ಲ, ಹಿಂಡಿನಲ್ಲಿ ಎಲ್ಲಕ್ಕಿಂತ ಕೊಬ್ಬಿದ್ದನ್ನು. ರಾತ್ರಿ ಚೆನ್ನಾಗಿದ್ದದ್ದು ಬೆಳಗ್ಗೆ ಸತ್ತು ಬಿದ್ದಿರುತ್ತದೆ. ಊರಲ್ಲಿ ಇದಕ್ಕೆ ಕಣ್ಣುಬಿತ್ತು ಅನ್ನುತ್ತಾರೆ. ಪಶು ಆಸ್ಪತ್ರೆಯಲ್ಲಿ ಇದಕ್ಕೂ ಪಿಪಿಆರ್‌ಗೂ ಲಸಿಕೆ ಹಾಕುತ್ತಾರೆ. ಕರುಳು ಬೇನೆಯದನ್ನು ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ಹಾಕಿಸಬೇಕು. ಲಸಿಕೆ ಹಿಡಿಯಲು ಒಂದೆರಡು ವಾರ ಬೇಕಾದ್ದರಿಂದ ರೋಗ ಬಂದ ಮೇಲೆ ಓಡಿದರೆ ಪ್ರಯೋಜನ ಕಡಿಮೆ.

ಸಾಲ ಅಂತ ಕರೆಯದ ಸಾಲಗಳೂ ಈ ಕಸುಬಿನಲ್ಲಿವೆ. ಹಿಂಡಿ ಅಂಗಡಿಯ ಉದ್ರಿ ಒಂದು; ಲೆಕ್ಕದ ಪುಸ್ತಕದಲ್ಲಿ ಬಡ್ಡಿ ಅಂತ ಬರೆದಿರುವುದಿಲ್ಲ, ಚೀಲದ ಬೆಲೆಯಲ್ಲೇ ಸೇರಿರುತ್ತದೆ. ಇನ್ನೊಂದು ವ್ಯಾಪಾರಿಯ ಮುಂಗಡ. ಎರಡು ಸಾವಿರ ಮುಂಗಡ ಇಟ್ಟುಕೊಂಡರೆ ಹಬ್ಬದ ದಿನ ಬೇರೆಯವರು ಹೆಚ್ಚು ಕೊಡುತ್ತೇವೆಂದರೂ ಕೊಡಲು ಬರುವುದಿಲ್ಲ, ಆತ ಹೇಳಿದ್ದೇ ದರ. ನಾನು ಮುಂಗಡ ಮುಟ್ಟುವುದಿಲ್ಲ, ತೂಕ ಹಾಕಿಸಿ ದುಡ್ಡು ಎಣಿಸಿಕೊಂಡ ಮೇಲೆಯೇ ಹಗ್ಗ ಕೊಡುವುದು. ಮಾಂಸ ಕೊಂಡು ಆಮೇಲೆ ಕೊಡ್ತೀನಿ ಅನ್ನುವ ನೆಂಟರಿಗೂ ಇದೇ ಮಾತು. ಒಂದಿಬ್ಬರು ಮುಖ ಊದಿಸಿಕೊಂಡಿದ್ದಾರೆ, ಇರಲಿ.

ಶೆಡ್ಡಿಗೆ ದುಡ್ಡು ಹಾಕಲಿಲ್ಲ. ಹಳೆ ದನದ ಕೊಟ್ಟಿಗೆಯ ನೆಲ ಒಣಗಿದ್ದರೆ ಐದು ಮರಿಗೆ ಸಾಕು. ರಾಷ್ಟ್ರೀಯ ಜಾನುವಾರು ಮಿಷನ್ನಿನ ಸಹಾಯಧನದ ಬಗ್ಗೆಯೂ ವಿಚಾರಿಸಿದೆ. ಅದು 100 ಹೆಣ್ಣುಕುರಿ, 5 ಟಗರಿನ ಘಟಕದಿಂದ ಶುರುವಾಗುತ್ತದೆ, ನನ್ನಂಥವರ ಅಳತೆಯದಲ್ಲ. ಹಿಕ್ಕೆ ಗೊಬ್ಬರಕ್ಕೆ ಮಾತ್ರ ಯಾವ ಬಂಡವಾಳವೂ ಬೇಡ. ಚೀಲ ತುಂಬಿಸಿಟ್ಟರೆ ತರೀಕೆರೆ ಕಡೆಯ ಅಡಿಕೆ ತೋಟದವರು ಕೊಳ್ಳುತ್ತಾರೆ, ಹಿಂಡಿಯ ಖರ್ಚಿನಲ್ಲಿ ಒಂದಿಷ್ಟು ಅದರಿಂದಲೇ ಹುಟ್ಟುತ್ತದೆ.

60,000 ಕೂಡ ಇಲ್ಲದವರಿಗೆ ನಮ್ಮಲ್ಲಿ ಪಾಲಿನ ಪದ್ಧತಿ ಇದೆ. ಕುರಿ ಉಳ್ಳವರು ಹೆಣ್ಣುಕುರಿ ಕೊಡುತ್ತಾರೆ, ಸಾಕಿದವರಿಗೆ ಹುಟ್ಟಿದ ಮರಿಯಲ್ಲಿ ಅರ್ಧ. ಕುರಿಯ ಗಬ್ಬ ಐದು ತಿಂಗಳು, ಹಾಲು ಬಿಡಲು ಇನ್ನೊಂದು ಮೂರು. ಹಾಗಾಗಿ ಮೊದಲ ಪಾಲು ಕೈಗೆ ಬರಲು ವರ್ಷ ಹಿಡಿಯಬಹುದು. ಒಪ್ಪುವ ಮೊದಲೇ ಒಂದು ಮಾತು ನಾಲ್ಕು ಜನರ ಎದುರು ಆಗಬೇಕು: ತಾಯಿ ಕುರಿ ರೋಗದಿಂದ ಸತ್ತರೆ ಯಾರ ಲೆಕ್ಕ? ಸಾಕಿದವರೇ ತುಂಬಿಕೊಡಬೇಕು ಅಂದರೆ ಅದು ಪಾಲಲ್ಲ, ಸಾಲವೇ. ಹೋದ ಸುಗ್ಗಿಯಲ್ಲಿ ಪಕ್ಕದ ಬೀದಿಯ ಅಕ್ಕನಿಗೆ ನಾನು ಎರಡು ಕುರಿ ಕೊಟ್ಟೆ. ಸತ್ತರೆ ನನ್ನ ಲೆಕ್ಕ, ಲಸಿಕೆ ಹಾಕಿಸುವುದು ಅವರ ಜವಾಬ್ದಾರಿ ಅಂತ ಮಾತಾಗಿದೆ.